ಡಬ್ಬಿ ಮೇಲೆ 3 ಲೀಟರ್, ನಲ್ಲಿಯಲ್ಲಿ ಬರೀ ತೊಟ್ಟು

ಪ್ರಶ್ನೆ: ಸರ್, ನಮ್ಮದು ಶಿರಸಿ ಹತ್ತಿರದ ಹಳ್ಳಿ ಮನೆ. ಬಾವಿ ನೀರನ್ನು ತಾರಸಿ ಮೇಲಿನ ಟ್ಯಾಂಕಿಗೆ ಏರಿಸುತ್ತೇವೆ. ಟ್ಯಾಂಕಿನ ತಳ ಅಡುಗೆಮನೆ ನಲ್ಲಿಯಿಂದ ಸುಮಾರು 5 ಮೀಟರ್ ಮೇಲಿದೆ, ಮಾಳಿಗೆಯ ಬೇಸಿನ್ನಿನಿಂದ 2 ಮೀಟರ್. ಬೆಂಗಳೂರಿನಲ್ಲಿರುವ ಮಗ ಅವನ ಅಪಾರ್ಟ್‌ಮೆಂಟಿನಲ್ಲಿ ಇರುವಂಥದ್ದೇ 3 ಲೀಟರಿನ ಏರೇಟರ್, ಅಂದರೆ ನೀರಿಗೆ ಗಾಳಿ ಬೆರೆಸಿ ನಿಮಿಷಕ್ಕೆ 3 ಲೀಟರ್ ಮಾತ್ರ ಬಿಡುವ ನಲ್ಲಿ ಬಾಯಿಯ ಜಾಲರಿ, ತಂದು ಎರಡೂ ನಲ್ಲಿಗೆ ಹಾಕಿಹೋದ. ಹಾಕಿದ ದಿನದಿಂದಲೂ ನೀರು ಸಣ್ಣ. ಈಗ ಅಡುಗೆಮನೆಯಲ್ಲಿ ಒಂದು ಲೀಟರಿನ ಪಾತ್ರೆ ತುಂಬಲು ಒಂದೂವರೆ ನಿಮಿಷ ಬೇಕು. ಮಾಳಿಗೆಯಲ್ಲಿ ತೊಟ್ಟಿಕ್ಕುತ್ತದೆ ಅಷ್ಟೇ. ಏರೇಟರ್ ಬಿಚ್ಚಿದರೆ ಕೆಳಗೆ 7 ಸೆಕೆಂಡಿಗೆ, ಮೇಲೆ 12 ಸೆಕೆಂಡಿಗೆ ಲೀಟರ್ ತುಂಬುತ್ತದೆ. ಒಳಗಿನ ಜಾಲರಿಗೆ ಕೆಂಪು ಕೆಸರು ಹಿಡಿದಿದೆ. ಮಗ "ತೊಳೆದರೆ ಸಾಕು" ಅನ್ನುತ್ತಾನೆ. ಅಂಗಡಿಯವರು "8 ಲೀಟರಿನದ್ದು ಹಾಕಿ" ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತಿನಲ್ಲೂ ಅರ್ಧರ್ಧ ಸರಿ ಇದೆ ಅಮ್ಮಾ. ಮೊದಲು ತೊಳೆಯಿರಿ. ಆದರೆ ಎಷ್ಟೇ ತೊಳೆದರೂ ನಿಮ್ಮ ಮನೆಯಲ್ಲಿ 3 ಲೀಟರಿನ ಏರೇಟರಿನಿಂದ ನಿಮಿಷಕ್ಕೆ 3 ಲೀಟರ್ ಬರುವುದಿಲ್ಲ. ಅಲ್ಲಿ ಏನೂ ಕೆಟ್ಟಿಲ್ಲ. ಆ 3 ಅನ್ನುವ ಅಂಕಿ ಬೇರೆ ಒತ್ತಡದಲ್ಲಿ ಅಳೆದದ್ದು.

ನೀವು ಏರೇಟರ್ ಬಿಚ್ಚಿ ಅಳತೆ ಮಾಡಿದ್ದು ತುಂಬಾ ಒಳ್ಳೆಯದಾಯಿತು. ನೀರು ಸಣ್ಣ ಅಂತ ಹೇಳುವ ಹೆಚ್ಚಿನವರು ಅದೊಂದು ಕೆಲಸ ಬಿಟ್ಟು ಉಳಿದೆಲ್ಲ ಮಾಡಿರುತ್ತಾರೆ. ಏರೇಟರ್ ಇಲ್ಲದೆ ನೀರು ಜೋರಾಗಿ ಬಂದು, ಹಾಕಿದ ಕೂಡಲೇ ಸಣ್ಣಗಾದರೆ ತೊಂದರೆ ಏರೇಟರಿನಲ್ಲಿದೆ. ಬಿಚ್ಚಿದ ಮೇಲೂ ಸಣ್ಣಗೇ ಇದ್ದರೆ ಏರೇಟರ್ ತೊಳೆದು ಪ್ರಯೋಜನ ಇಲ್ಲ. ಆಗ ಬೇಸಿನ್ ಕೆಳಗಿನ ಸಣ್ಣ ವಾಲ್ವ್ ಆದ ಆ್ಯಂಗಲ್ ಕಾಕ್, ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ, ಟ್ಯಾಂಕಿನ ಬಾಯಿ ಇವನ್ನು ನೋಡಬೇಕು. ಬಿಸಿನೀರು ಮಾತ್ರ ಸಣ್ಣಗಿದ್ದರೆ ಗೀಸರಿನ ಕಡೆ ಹೋಗಬೇಕು. ನಿಮ್ಮ ಲೈನು ಸರಿಯಾಗಿದೆ. ಲೆಕ್ಕ ಸುಲಭ: 60ನ್ನು ಸೆಕೆಂಡಿನಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಲೀಟರ್ ಅಂತ ಸಿಗುತ್ತದೆ. ಅಡುಗೆಮನೆಯ 7 ಸೆಕೆಂಡ್ ಅಂದರೆ ನಿಮಿಷಕ್ಕೆ ಎಂಟೂವರೆ ಲೀಟರ್. ಮಾಳಿಗೆಯ 12 ಸೆಕೆಂಡ್ ಅಂದರೆ 5 ಲೀಟರ್. ಈಗ ಏರೇಟರ್ ಹಾಕಿ ಬರುತ್ತಿರುವುದು ಒಂದು ಲೀಟರಿಗೂ ಕಡಿಮೆ.

ಡಬ್ಬಿಯ ಮೇಲಿನ ಅಂಕಿ ಎಲ್ಲಿಂದ ಬಂತು ಅಂತ ನೋಡೋಣ. ಏರೇಟರಿನ ಮೇಲೆ ಬರೆಯುವ ಲೀಟರ್ ಸಾಮಾನ್ಯವಾಗಿ 3 ಬಾರ್ ಒತ್ತಡದಲ್ಲಿ ಅಳೆದದ್ದು. 10 ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ಹಾಗಾದರೆ 3 ಬಾರ್ ಬೇಕೆಂದರೆ ಟ್ಯಾಂಕು ನಲ್ಲಿಗಿಂತ 30 ಮೀಟರ್ ಮೇಲಿರಬೇಕು. ಅಷ್ಟು ಎತ್ತರದ ಅಡಿಕೆ ಮರವೂ ನಮ್ಮ ತೋಟಗಳಲ್ಲಿ ಅಪರೂಪ ಅಲ್ವಾ? ನಿಮ್ಮ ಅಡುಗೆಮನೆಗೆ ಸಿಗುವುದು ಅರ್ಧ ಬಾರ್. ಮಾಳಿಗೆಗೆ 0.2 ಬಾರ್. ಟ್ಯಾಂಕಿಗೆ ಹತ್ತಿರ ಇದ್ದಷ್ಟೂ ಒತ್ತಡ ಕಡಿಮೆ. ಮೇಲಿನ ಬೇಸಿನ್ನೇ ಮೊದಲು ಕೈಕೊಟ್ಟಿದ್ದು ಅದಕ್ಕೇ.

2024ರ ಬೇಸಿಗೆಯಲ್ಲಿ ನೀರಿಗೆ ಬರ ಬಂದಾಗ ಬೆಂಗಳೂರಿನ ಜಲಮಂಡಳಿ ಅಪಾರ್ಟ್‌ಮೆಂಟ್, ಹೋಟೆಲ್, ವಾಣಿಜ್ಯ ಕಟ್ಟಡಗಳಿಗೆ ಏರೇಟರ್ ಕಡ್ಡಾಯ ಮಾಡಿತು. ಆಮೇಲೆ ನಮ್ಮ ಕಡೆಯ ಮನೆಗಳಿಗೂ ಮಕ್ಕಳ ಬ್ಯಾಗಿನಲ್ಲಿ ಏರೇಟರ್ ಬರತೊಡಗಿದವು. ಹತ್ತು ಹನ್ನೆರಡು ಮಹಡಿಯ ಕಟ್ಟಡದ ಕೆಳಗಿನ ಮನೆಗಳಿಗೆ ಎತ್ತರದಿಂದಲೇ 2–3 ಬಾರ್ ಸಿಗುತ್ತದೆ. ಮೇಲಿನ ಮಹಡಿಗಳಿಗೆ ಒತ್ತಡದ ಪಂಪ್ ಹಾಕಿರುತ್ತಾರೆ. ಅಂಥಲ್ಲಿ ಬರಿ ನಲ್ಲಿ ತಿರುಗಿಸಿದರೆ ನಿಮಿಷಕ್ಕೆ 12–15 ಲೀಟರ್ ಹರಿದುಹೋಗಬಹುದು. ಅಲ್ಲಿ 3 ಲೀಟರಿನದ್ದು ನಿಜಕ್ಕೂ ಕೆಲಸದ ವಸ್ತು. ನಿಮ್ಮ ಮಗನ ಅನುಭವ ಅವನ ಮನೆಗೆ ಪೂರ್ತಿ ಸರಿ.

ಒತ್ತಡ ಕಡಿಮೆಯಾದರೆ ನೀರು ಎಷ್ಟು ಕಡಿಮೆಯಾಗುತ್ತದೆ? ಅರ್ಧ ಒತ್ತಡಕ್ಕೆ ಅರ್ಧ ನೀರು ಅಂತಲ್ಲ. ಒಂದು ತೂತಿನ ಮೂಲಕ ಹರಿಯುವ ನೀರು ಒತ್ತಡದ ವರ್ಗಮೂಲದ ಜೊತೆ ಏರಿಳಿಯುತ್ತದೆ. ನಿಮ್ಮ ಅರ್ಧ ಬಾರ್ 3 ಬಾರಿನ ಆರನೇ ಒಂದು ಭಾಗ. ಆರರ ವರ್ಗಮೂಲ ಸುಮಾರು ಎರಡೂವರೆ. ಹಾಗಾಗಿ 3 ಲೀಟರನ್ನು ಎರಡೂವರೆಯಿಂದ ಭಾಗಿಸಿ: 1.2 ಲೀಟರ್. ಮಾಳಿಗೆಯಲ್ಲಿ 0.2 ಬಾರ್, ಅಂದರೆ ಹದಿನೈದನೇ ಒಂದು ಭಾಗ. ವರ್ಗಮೂಲ ಸುಮಾರು 4. ಅಲ್ಲಿ ಮುಕ್ಕಾಲು ಲೀಟರ್. ಇದು ಹೊಚ್ಚ ಹೊಸ, ಒಂದು ಕಣ ಕೆಸರೂ ಇಲ್ಲದ ಏರೇಟರಿನ ಲೆಕ್ಕ. ಮೊದಲ ದಿನದಿಂದಲೂ ನೀರು ಸಣ್ಣ ಇತ್ತು ಅಂದಿರಲ್ಲ, ಕಾರಣ ಇದು. ಕೆಸರು ಆಮೇಲೆ ಸೇರಿಕೊಂಡಿದೆ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಮೇಲಿನ ಲೆಕ್ಕ ಬರಿ ಸಣ್ಣ ತೂತಿನ ಬಿಲ್ಲೆಗೆ ಸರಿ. ಒಳ್ಳೆಯ ಏರೇಟರುಗಳಲ್ಲಿ ಜಾಲರಿಯ ಕೆಳಗೆ ಒಂದು ಪ್ಲಾಸ್ಟಿಕ್ ಬಿಲ್ಲೆ, ಅದರ ಸುತ್ತ ಸಣ್ಣ ರಬ್ಬರ್ ರಿಂಗ್ ಇರುತ್ತದೆ. ಒತ್ತಡ ಏರಿದಾಗ ಆ ರಿಂಗ್ ಚಪ್ಪಟೆಯಾಗಿ ನೀರಿನ ದಾರಿಯನ್ನು ಕಿರಿದು ಮಾಡುತ್ತದೆ. ಒತ್ತಡ ಇಳಿದರೆ ಸಡಿಲಾಗಿ ದಾರಿ ಬಿಡುತ್ತದೆ. ಆದ್ದರಿಂದ ಒತ್ತಡ ಸ್ವಲ್ಪ ಹೆಚ್ಚು ಕಡಿಮೆಯಾದರೂ ಹೆಚ್ಚುಕಮ್ಮಿ ಅಷ್ಟೇ ನೀರು ಬರುತ್ತದೆ. ಆದರೆ ಈ ಆಟ ನಡೆಯುವುದು ಸುಮಾರು 1 ಬಾರಿನಿಂದ ಮೇಲೆ. ಅದಕ್ಕಿಂತ ಕೆಳಗೆ ರಿಂಗ್ ಪೂರ್ತಿ ಸಡಿಲಾಗಿ ಕೂತಿರುತ್ತದೆ, ಇನ್ನು ಬಿಡಲು ಜಾಗ ಇಲ್ಲ. ನಿಮ್ಮದು ರಿಂಗ್ ಇರುವಂಥದ್ದಾದರೆ 1.2ರ ಬದಲು ಒಂದೂವರೆ, ಒಂದು ಮುಕ್ಕಾಲು ಬರಬಹುದು. ಮೂರು ಬರುವುದಿಲ್ಲ.

ಈಗ ತೊಳೆಯುವ ಕೆಲಸ. ಸಿಂಕಿನ ತೂತಿಗೆ ಮೊದಲು ಒಂದು ಬಟ್ಟೆ ತುರುಕಿ. ಈ ಬಿಡಿಭಾಗಗಳು ಉರುಳಿ ಒಳಗೆ ಹೋದರೆ ಸಿಗುವುದಿಲ್ಲ. ನಲ್ಲಿಯ ಬಾಯಿಗೆ ಕೆಳಗಿನಿಂದ ಮುಖ ಕೊಟ್ಟು ನೋಡಿದಾಗ ಗಡಿಯಾರದ ಮುಳ್ಳಿನ ವಿರುದ್ಧ ತಿರುಗಿಸಿದರೆ ಬಿಚ್ಚುತ್ತದೆ. ಕೈ ಜಾರಿದರೆ ಹಳೇ ಸೈಕಲ್ ಟ್ಯೂಬಿನ ತುಂಡು ಸುತ್ತಿ ಹಿಡಿಯಿರಿ, ಒಳ್ಳೆ ಹಿಡಿತ ಸಿಗುತ್ತದೆ. ಇಕ್ಕಳ ಹಾಕಲೇಬೇಕಾಗಿ ಬಂದರೆ ಬಟ್ಟೆ ಸುತ್ತಿ ಮೆಲ್ಲಗೆ ಹಾಕಿ. ಹಿತ್ತಾಳೆಯ ತೆಳು ರಿಂಗ್ ಒಂದು ಸಲ ಅಮುಕಿ ಮೊಟ್ಟೆಯಾಕಾರವಾದರೆ ತಿರುಪಿನ ಮರೆ ಸರಿಯಾಗಿ ಕೂರುವುದಿಲ್ಲ. ಏನು ಮಾಡಿದರೂ ಜಗ್ಗದಿದ್ದರೆ ಒಂದು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ವಿನೆಗರ್ ಹಾಕಿ, ನಲ್ಲಿಯ ಬಾಯಿ ಮುಳುಗುವಂತೆ ಕಟ್ಟಿ ಅರ್ಧ ಗಂಟೆ ಬಿಟ್ಟು ಮತ್ತೆ ತಿರುಗಿಸಿ ನೋಡಿ.

ಬಿಚ್ಚಿದ ಮೇಲೆ ಒಳಗಿನ ಭಾಗಗಳನ್ನು ಬೇರೆ ಮಾಡುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಯಾವುದರ ಮೇಲೆ ಯಾವುದು, ಯಾವ ಮುಖ ಮೇಲೆ ಅನ್ನುವುದು ಆಮೇಲೆ ನೆನಪಿರುವುದಿಲ್ಲ. ರಬ್ಬರ್ ವಾಷರ್, ಮೇಲಿನ ಗುಮ್ಮಟದಂಥ ಜಾಲರಿ, ಅದರ ಕೆಳಗೆ ಲೀಟರ್ ತಡೆಯುವ ಬಿಲ್ಲೆ, ಕೊನೆಗೆ ಗಾಳಿ ಬೆರೆಸುವ ಪ್ಲಾಸ್ಟಿಕ್ ಭಾಗ, ಹೀಗೆ ಇರುತ್ತದೆ. ಬಿಲ್ಲೆ ಬಿಡಿಸಿಕೊಂಡು ಬರದಿದ್ದರೆ ಎಬ್ಬಿಸಲು ಹೋಗಬೇಡಿ, ಒಟ್ಟಿಗೇ ನೆನೆಸಿ.

ತೊಳೆಯುವ ಮುಂಚೆ ಕೆಸರನ್ನು ಬೆರಳಿನಲ್ಲಿ ಉಜ್ಜಿ ನೋಡಿ. ಅದರ ಮೇಲೆ ತೊಳೆಯುವ ರೀತಿ ನಿಂತಿದೆ. ಮರಳಿನಂತೆ ಕರಕರ ಅಂದರೆ ಅದು ಬಾವಿಯ ಮಣ್ಣು, ಬರಿ ನೀರಿನಲ್ಲಿ ಹೋಗುತ್ತದೆ. ಬಿಳಿ, ಗಟ್ಟಿ ಪದರವಾದರೆ ಸುಣ್ಣದ ಅಂಶ. ಗಡಸು ನೀರಿನ ಬೋರ್‌ವೆಲ್ ಇದ್ದಲ್ಲಿ ಇದು ಕಾಣಿಸುತ್ತದೆ, ವಿನೆಗರಿಗೆ ಗುಳ್ಳೆ ಬಿಡುತ್ತಾ ಕರಗುತ್ತದೆ. ಬಿಳಿ ದಾರದಂಥ ಚೂರು ಸಿಕ್ಕಿದರೆ ಅದು ಪ್ಲಂಬರ್ ಸುತ್ತಿದ ಟೇಪು. ನಿಮ್ಮದು ಕೆಂಪು. ನಮ್ಮ ಚಿರೆಕಲ್ಲಿನ ನೆಲದ ಬಾವಿ ನೀರಿನಲ್ಲಿ ಕಬ್ಬಿಣ ಕರಗಿರುವುದುಂಟು. ಸೇದಿದಾಗ ನೀರು ತಿಳಿಯಾಗಿಯೇ ಇರುತ್ತದೆ. ಟ್ಯಾಂಕಿನಲ್ಲಿ ಗಾಳಿ ತಾಗಿ ನಿಂತ ಮೇಲೆ ಆ ಕಬ್ಬಿಣ ತುಕ್ಕಾಗಿ ಕೆಳಗೆ ಕೂರುತ್ತದೆ. ಬೆರಳಿಗೆ ಲೋಳೆಯಂತೆ ಜಾರಿದರೆ ಕಬ್ಬಿಣ ತಿಂದು ಬೆಳೆಯುವ ಬ್ಯಾಕ್ಟೀರಿಯಾ ಕೂಡ ಸೇರಿದೆ ಅಂತ ಲೆಕ್ಕ.

ಈ ಲೋಳೆ ಹುಳಿಗೆ ಕರಗುವುದಿಲ್ಲ. ಅನೇಕರು ರಾತ್ರಿಯಿಡೀ ವಿನೆಗರಿನಲ್ಲಿ ಇಟ್ಟು, ಹೋಗಲಿಲ್ಲ ಅಂತ ಏರೇಟರನ್ನೇ ಎಸೆಯುವುದು ಇಲ್ಲಿ. ಮೊದಲು ಪಾತ್ರೆ ತೊಳೆಯುವ ಸೋಪು, ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ಲೋಳೆಯನ್ನೆಲ್ಲ ಉಜ್ಜಿ ತೆಗೆಯಿರಿ. ಆಮೇಲೆ ಉಳಿದ ತುಕ್ಕಿನ ಕಲೆಗೆ ಹುಳಿ. ತುಕ್ಕಿಗೆ ವಿನೆಗರಿಗಿಂತ ಸಿಟ್ರಿಕ್ ಆ್ಯಸಿಡ್ ಚೆನ್ನಾಗಿ ಕೆಲಸ ಮಾಡುತ್ತದೆ, ಅದು ಕಬ್ಬಿಣವನ್ನು ಹಿಡಿದುಕೊಂಡು ನೀರಿಗೆ ಬಿಡುತ್ತದೆ. ಒಂದು ಲೋಟ ಬಿಸಿ ನೀರಿಗೆ ಒಂದು ದೊಡ್ಡ ಚಮಚ ಪುಡಿ ಸಾಕು. ಕೈ ತಡೆಯುವಷ್ಟು ಬಿಸಿ ಇರಲಿ, ಕುದಿಯುವ ನೀರಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಪುಡಿ ಇಲ್ಲದಿದ್ದರೆ ಲಿಂಬೆರಸವನ್ನೇ ಹಾಕಿ, ಸ್ವಲ್ಪ ಹೊತ್ತು ಜಾಸ್ತಿ ಬಿಡಿ. ಜಾಲರಿ, ಪ್ಲಾಸ್ಟಿಕ್ ಭಾಗಗಳು ಒಂದೆರಡು ಗಂಟೆ ಇದ್ದರೂ ತೊಂದರೆ ಇಲ್ಲ. ಹೊಳೆಯುವ ಹೊರ ರಿಂಗನ್ನು ಅರ್ಧ ಗಂಟೆಗಿಂತ ಹೆಚ್ಚು ಇಡಬೇಡಿ, ಹೊಳಪು ಹೋಗುತ್ತದೆ. ರಬ್ಬರ್ ವಾಷರ್ ಹೊರಗೇ ಇರಲಿ.

ಟಾಯ್ಲೆಟ್ ತೊಳೆಯುವ ಆ್ಯಸಿಡ್ ಮಾತ್ರ ಬೇಡವೇ ಬೇಡ, ಅದು ಕ್ರೋಮನ್ನೇ ತಿನ್ನುತ್ತದೆ. ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯನ್ನು ವಿನೆಗರ್, ಲಿಂಬೆ ಅಥವಾ ಯಾವುದೇ ಹುಳಿಯ ಜೊತೆ ಸೇರಿಸಬೇಡಿ. ಕ್ಲೋರಿನ್ ಗ್ಯಾಸ್ ಏಳುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ಉಸಿರು ಕಟ್ಟಿಸುತ್ತದೆ.

ನೆನೆದ ಮೇಲೆ ನೀರನ್ನು ಹಿಮ್ಮುಖ ಬಿಟ್ಟು ತೊಳೆಯಿರಿ. ಅಂದರೆ ನೀರು ಹೊರಬರುವ ಬದಿಯನ್ನು ಬೇರೆ ನಲ್ಲಿಗೆ ಹಿಡಿಯಿರಿ, ಸಿಕ್ಕಿಕೊಂಡ ಕಣ ಬಂದ ದಾರಿಯಲ್ಲೇ ಹೋಗಲಿ. ಬಿಲ್ಲೆಯ ತೂತಿಗೆ ಸೂಜಿ ಚುಚ್ಚಬೇಡಿ. ತೂತು ಒಂದು ಕೂದಲೆಳೆ ದೊಡ್ಡದಾದರೂ ಲೀಟರಿನ ಲೆಕ್ಕ ತಪ್ಪುತ್ತದೆ. ಬ್ರಷ್ಷಿನ ಒಂದು ಎಳೆ ಸಾಕು. ಆಮೇಲೆ ಬಹಳ ಜನ ಮರೆಯುವ ಕೆಲಸ: ಏರೇಟರ್ ಮತ್ತೆ ಹಾಕುವ ಮುಂಚೆ ಬರಿ ನಲ್ಲಿಯನ್ನು ಪೂರ್ತಿ ತಿರುಗಿಸಿ ಅರ್ಧ ಬಕೆಟ್ ನೀರು ಬಿಡಿ. ಇಲ್ಲದಿದ್ದರೆ ಪೈಪಿನಲ್ಲಿ ಸಡಿಲಾದ ಕೆಸರು ಮೊದಲ ನಿಮಿಷದಲ್ಲೇ ಬಂದು ಜಾಲರಿಗೆ ಕೂರುತ್ತದೆ. ಆ ನೀರು ತೆಂಗಿನ ಬುಡಕ್ಕೆ ಹೋಗಲಿ. ಮರೆಗೆ ಟೇಪು ಸುತ್ತಬೇಡಿ, ನೀರು ನಿಲ್ಲಿಸುವುದು ವಾಷರಿನ ಕೆಲಸ. ಕೈಯಲ್ಲೇ ಬಿಗಿ ಮಾಡಿ. ಸುತ್ತಲಿಂದ ಸೋರಿದರೆ ವಾಷರ್ ವಾರೆ ಕೂತಿದೆ ಅಥವಾ ಒಣಗಿ ಬಿರುಸಾಗಿದೆ.

ಈಗ ಮತ್ತೆ ಲೀಟರ್ ಪಾತ್ರೆ ಹಿಡಿದು ಅಳೆಯಿರಿ. ಅಡುಗೆಮನೆಯಲ್ಲಿ 35ರಿಂದ 50 ಸೆಕೆಂಡಿನೊಳಗೆ ತುಂಬಿದರೆ ಏರೇಟರ್ ಪೂರ್ತಿ ಸ್ವಚ್ಛವಾಗಿದೆ. ಇನ್ನು ಅದರಿಂದ ಏನೂ ಹೆಚ್ಚಿಗೆ ನಿರೀಕ್ಷಿಸಬೇಡಿ. ಒಂದು ನಿಮಿಷಕ್ಕಿಂತ ಜಾಸ್ತಿ ಬೇಕಾದರೆ ಬಿಲ್ಲೆಯಲ್ಲಿ ಇನ್ನೂ ಏನೋ ಇದೆ, ಮತ್ತೊಮ್ಮೆ ನೆನೆಸಿ.

ಇನ್ನು ಯಾವುದು ಕೊಳ್ಳಬೇಕು ಅನ್ನುವುದು. ಕೊಳ್ಳುವಾಗ ಡಬ್ಬಿಯ ಲೀಟರ್ ನೋಡಿ ಆರಿಸಬೇಡಿ. ನಿಮಗೆ ಕೈಯಲ್ಲಿ ಎಷ್ಟು ನೀರು ಬೇಕು ಅಂತ ಮೊದಲು ತೀರ್ಮಾನಿಸಿ. ಪಾತ್ರೆ ತೊಳೆಯಲು, ಅಕ್ಕಿ ತರಕಾರಿ ತೊಳೆಯಲು ನಿಮಿಷಕ್ಕೆ 4 ಲೀಟರ್ ಆಸುಪಾಸು ಬಂದರೆ ಕೈಗೆ ಕಿರಿಕಿರಿ ಆಗುವುದಿಲ್ಲ. ಬೇಸಿನ್ನಿನಲ್ಲಿ ಕೈ ಮುಖ ತೊಳೆಯಲು 2ರಿಂದ 3 ಲೀಟರ್ ಸಾಕು. ನಿಮ್ಮ ಅಡುಗೆಮನೆಯ ಅರ್ಧ ಬಾರಿನಲ್ಲಿ 8 ಲೀಟರಿನ ಏರೇಟರ್ ಹಾಕಿದರೆ ಮೊದಲಿನ ಲೆಕ್ಕದಂತೆ 3 ಲೀಟರ್ ಚಿಲ್ಲರೆ ಬರುತ್ತದೆ. ರಬ್ಬರ್ ರಿಂಗ್ ಇರುವಂಥದ್ದಾದರೆ 4ರ ಹತ್ತಿರ ಬರುತ್ತದೆ. ಈಗ ಬರಿ ನಲ್ಲಿಯಲ್ಲಿ ಹರಿಯುವ ಎಂಟೂವರೆ ಲೀಟರಿನ ಅರ್ಧ ಅದು. ಹಾಗಾಗಿ ಅಡುಗೆಮನೆಗೆ ಅಂಗಡಿಯವರು ಹೇಳಿದ್ದು ಸರಿ. ನೀರು ಹಾಳು ಮಾಡುತ್ತಿದ್ದೇನೆ ಅನ್ನುವ ಅಳುಕು ಬೇಡ.

ಮಾಳಿಗೆಗೆ ನಾನು ಲೀಟರ್ ತಡೆಯುವ ಯಾವ ಬಿಲ್ಲೆಯನ್ನೂ ಹಾಕುವುದಿಲ್ಲ. 2 ಮೀಟರ್ ಎತ್ತರದ ನೀರಿಗೆ ಗಾಳಿಯನ್ನು ಎಳೆದುಕೊಳ್ಳುವ ವೇಗವೇ ಇರುವುದಿಲ್ಲ. ನೊರೆನೊರೆಯಾಗಿ ಬರಬೇಕಾದ ನೀರು ಒಂದು ಬದಿಯಿಂದ ಜೊಲ್ಲಿನಂತೆ ಸುರಿಯುತ್ತದೆ. ಇರುವ ಏರೇಟರಿನಿಂದಲೇ ಬಿಲ್ಲೆ ಬಿಡಿಯಾಗಿ ಹೊರಬರುವಂತಿದ್ದರೆ ಅದನ್ನು ತೆಗೆದು, ಜಾಲರಿ ಮತ್ತು ಉಳಿದ ಭಾಗ ಮಾತ್ರ ಹಾಕಿ ನೋಡಿ. ನೀರು ಚೆಲ್ಲಾಪಿಲ್ಲಿಯಾಗದೆ ಬೀಳುತ್ತದೆ, ತಡೆಯೂ ಕಡಿಮೆ. ಆಮೇಲೂ ಜಾಸ್ತಿ ಅನಿಸಿದರೆ ಬೇಸಿನ್ ಕೆಳಗಿನ ಆ್ಯಂಗಲ್ ಕಾಕನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ, ಲೀಟರ್ ಪಾತ್ರೆ 20–25 ಸೆಕೆಂಡಿಗೆ ತುಂಬುವಲ್ಲಿ ನಿಲ್ಲಿಸಿ. ಕಡಿಮೆ ಒತ್ತಡದ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ನೀರು ತಡೆಯುವ ಸಾಧನ ಇಲ್ಲ. ಖರ್ಚಿಲ್ಲ, ಕೆಸರು ಕಟ್ಟುವ ಸಣ್ಣ ತೂತೂ ಇಲ್ಲ.

ಬಚ್ಚಲಿನ ಬಕೆಟ್ ತುಂಬುವ ನಲ್ಲಿಗೆ ಏನೂ ಹಾಕಬೇಡಿ. ಬಕೆಟ್ಟಿಗೆ ಎಷ್ಟು ಹಿಡಿಯುತ್ತದೋ ಅಷ್ಟೇ ನೀರು ಹೋಗುವುದು. ಏರೇಟರ್ ಹಾಕಿದರೆ ಕಾಯುವ ಹೊತ್ತು ಮಾತ್ರ ಹೆಚ್ಚು. ನಲ್ಲಿ ಬಿಟ್ಟುಕೊಂಡು ಮಾಡುವ ಕೆಲಸಕ್ಕಷ್ಟೇ ಇದರಿಂದ ಉಳಿತಾಯ. ಗ್ಯಾಸ್ ಗೀಸರಿನ ಬಿಸಿನೀರು ಬರುವ ನಲ್ಲಿಗೂ ಹಾಕುವಾಗ ಯೋಚಿಸಿ. ನೀರಿನ ಹರಿವು ತೀರಾ ಕಡಿಮೆಯಾದರೆ ಅದು ಹೊತ್ತಿಕೊಳ್ಳುವುದೇ ಇಲ್ಲ.

ಕೆಂಪು ಕೆಸರು ಮತ್ತೆ ಮತ್ತೆ ಬರುವುದನ್ನು ಕಡಿಮೆ ಮಾಡಲು ಟ್ಯಾಂಕಿನ ಹತ್ತಿರ ಹೋಗಬೇಕು. ಮನೆಗೆ ಇಳಿಯುವ ಪೈಪು ಟ್ಯಾಂಕಿನ ತಳಕ್ಕೇ ಅಂಟಿಕೊಂಡಿದ್ದರೆ ಕೂತ ತುಕ್ಕೆಲ್ಲ ನಿಮ್ಮ ನಲ್ಲಿಗೇ ಬರುತ್ತದೆ. ಆ ಪೈಪಿನ ಬಾಯಿ ತಳದಿಂದ ನಾಲ್ಕು ಬೆರಳು ಮೇಲಿರಲಿ. ತಳದಲ್ಲಿ ಬೇರೆಯದೇ ಒಂದು ವಾಲ್ವ್ ಇಡಿಸಿ, ಆಗಾಗ ತೆಗೆದು ಕೆಸರು ನೀರನ್ನು ಹೊರಗೆ ಬಿಡಿ. ಪಂಪಿನ ಪೈಪನ್ನು ಟ್ಯಾಂಕಿನ ನೀರಿನೊಳಗೆ ಮುಳುಗಿಸದೆ, ಮೇಲಿನಿಂದ ಬೀಳುವಂತೆ ಇಟ್ಟರೆ ನೀರಿಗೆ ಗಾಳಿ ಚೆನ್ನಾಗಿ ತಾಗುತ್ತದೆ. ಕಬ್ಬಿಣ ಟ್ಯಾಂಕಿನಲ್ಲೇ ತುಕ್ಕಾಗಿ ಕೂರುತ್ತದೆ, ಏರೇಟರಿನವರೆಗೆ ಬರುವುದು ಕಡಿಮೆ.

ಮಳೆಗಾಲದಲ್ಲಿ ಬಾವಿ ಕದಡಿ ಮಣ್ಣೂ ಬರುವುದಿದ್ದರೆ, ತೋಟದ ಡ್ರಿಪ್ಪಿಗೆ ಹಾಕುವ ಜಾಲರಿ ಫಿಲ್ಟರ್ ಇದೆಯಲ್ಲ, ಒಂದು ಇಂಚಿನದ್ದು, ಅದನ್ನು ಹಾಕಿಸಬಹುದು. ಆದರೆ ಟ್ಯಾಂಕಿನಿಂದ ಇಳಿಯುವ ಪೈಪಿಗಲ್ಲ. ಪಂಪಿನಿಂದ ಟ್ಯಾಂಕಿಗೆ ಏರುವ ಪೈಪಿಗೆ ಹಾಕಿಸಿ. ಇಳಿಯುವ ಪೈಪಿನಲ್ಲಿ ನಿಮಗಿರುವುದೇ ಅರ್ಧ ಬಾರ್, ಫಿಲ್ಟರ್ ಅರ್ಧ ಕಟ್ಟಿದರೂ ಅದೂ ಹೋಗುತ್ತದೆ. ಏರುವ ಪೈಪಿನಲ್ಲಿ ಪಂಪಿನ ಬಲ ಇರುತ್ತದೆ. ಇದು ಮಣ್ಣನ್ನು ಹಿಡಿಯುತ್ತದೆ, ನೀರಿನಲ್ಲಿ ಕರಗಿದ ಕಬ್ಬಿಣವನ್ನು ಹಿಡಿಯುವುದಿಲ್ಲ. ಅದಕ್ಕೆ ಟ್ಯಾಂಕಿನ ತಳದ ವಾಲ್ವೇ ಗತಿ.

ಅಂಗಡಿಗೆ ಹೋಗುವಾಗ ಹಳೇ ಏರೇಟರನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಮರೆ ಏರೇಟರಿನ ಹೊರಬದಿಗೆ ಇದ್ದರೆ ಹೆಚ್ಚಾಗಿ 24 ಮಿಲಿಮೀಟರಿನದ್ದು, ಒಳಬದಿಗೆ ಇದ್ದರೆ 22ರದ್ದು. "ಒಳಗಿನ ಬಿಲ್ಲೆ ತೆಗೆಯಲು ಬರುವಂಥದ್ದು ಕೊಡಿ" ಅಂತ ಕೇಳಿ, ಅಲ್ಲೇ ಬಿಚ್ಚಿಸಿ ನೋಡಿ. ಮಗ ತಂದ 3 ಲೀಟರಿನವನ್ನು ತೊಳೆದು ಒಣಗಿಸಿ ಎತ್ತಿಡಿ. ಮುಂದೆ ಯಾವತ್ತಾದರೂ ಮನೆಗೆ ಒತ್ತಡದ ಪಂಪ್ ಹಾಕಿಸಿದರೆ ಒಂದೂವರೆ ಎರಡು ಬಾರ್ ಬರುತ್ತದೆ, ಆಗ ಬೇಸಿನ್ನಿಗೆ ಅವೇ ಬೇಕು.